ಕುರ್ಚಿಯಿಂದ ಐದು ಸಲ ಎದ್ದು ಕೂರುವುದು: ಹಿರಿಯರ ಸಾರ್ಕೋಪೀನಿಯಾಗೆ ಅಳತೆ, ವ್ಯಾಯಾಮ, ಪ್ರೋಟೀನ್ ಲೆಕ್ಕ

ಅಮ್ಮ ನೆಲದ ಮೇಲೆ ಕೂರುವುದನ್ನು ಬಿಟ್ಟು ಎರಡು ವರ್ಷವಾಯಿತು. ಈಗ ಸೋಫಾದಿಂದ ಏಳುವಾಗಲೂ ಕೈ ಊರುತ್ತಾರೆ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲು ಮೊಮ್ಮಗನನ್ನು ಕರೆಯುತ್ತಾರೆ. ಮನೆಯವರು ಇದಕ್ಕೆಲ್ಲ 'ವಯಸ್ಸಾಯ್ತಲ್ಲ' ಎಂದುಬಿಡುತ್ತಾರೆ. ವಯಸ್ಸಿನ ಪಾತ್ರ ಇದ್ದೇ ಇದೆ. ಆದರೆ ಇಲ್ಲಿ ನಡೆಯುತ್ತಿರುವುದನ್ನು ಅಳೆಯಬಹುದು, ಅದಕ್ಕೊಂದು ಹೆಸರಿದೆ, ಬಹುಪಾಲು ಜನರಲ್ಲಿ ಅದನ್ನು ಹಿಂದಕ್ಕೂ ತರಬಹುದು. ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ಗ್ರೀಕ್ ಭಾಷೆಯ 'ಮಾಂಸ' ಮತ್ತು 'ಬಡತನ' ಎಂಬ ಅರ್ಥದ ಎರಡು ಪದಗಳನ್ನು ಸೇರಿಸಿ ಸಾರ್ಕೋಪೀನಿಯಾ ಎಂಬ ಹೆಸರು ಕೊಟ್ಟರು. ಆಗ ಅದರ ಅರ್ಥ ಸ್ನಾಯು ಕರಗುವುದು ಎಂದಷ್ಟೇ ಇತ್ತು. ಈಗ ವೈದ್ಯರು ಮೊದಲು ನೋಡುವುದು ಸ್ನಾಯುವಿನ ಬಲವನ್ನು, ಆಮೇಲೆ ಅದರ ಗಾತ್ರವನ್ನು. ದಪ್ಪಗಿರುವವರಿಗೂ ಈ ತೊಂದರೆ ಬರಬಹುದು. ಅವರಲ್ಲಿ ಕೊಬ್ಬಿನ ಮರೆಯಲ್ಲಿ ಸ್ನಾಯು ಕರಗಿದ್ದು ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಗೊತ್ತಾಗುವುದೂ ತಡ.

ವಿಷಯ ಸ್ಪಷ್ಟವಾಗಲೆಂದು ಒಬ್ಬ ಕಾಲ್ಪನಿಕ ಅಜ್ಜಿಯನ್ನು ಇಟ್ಟುಕೊಳ್ಳೋಣ. ವಯಸ್ಸು 71, ತೂಕ 50 ಕಿಲೋ, ಎತ್ತರ 150 ಸೆಂಟಿಮೀಟರ್. ಮಂಡ್ಯದ ಕಡೆಯವರು, ಸಸ್ಯಾಹಾರಿ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ, ಮಂಡಿನೋವು ಸ್ವಲ್ಪ ಇದೆ. ದಿನಾ ಬೆಳಗ್ಗೆ ಅರ್ಧ ಗಂಟೆ ವಾಕಿಂಗ್ ಮಾಡುತ್ತಾರೆ.

ಮೊದಲು ಕುರ್ಚಿ

ಕೈಯಿಲ್ಲದ, ಗಟ್ಟಿಯಾದ, ಸುಮಾರು 43ರಿಂದ 46 ಸೆಂಟಿಮೀಟರ್ ಎತ್ತರದ ಕುರ್ಚಿ ಬೇಕು. ಊಟದ ಮೇಜಿನ ಕುರ್ಚಿ ಸಾಮಾನ್ಯವಾಗಿ ಇದೇ ಎತ್ತರಕ್ಕಿರುತ್ತದೆ. ಪ್ಲಾಸ್ಟಿಕ್ ಕುರ್ಚಿ ಬೇಡ, ಏಳುವಾಗ ಬಾಗುತ್ತದೆ, ಜಾರುತ್ತದೆ. ಕುರ್ಚಿಯ ಬೆನ್ನನ್ನು ಗೋಡೆಗೆ ತಾಗಿಸಿಡಿ. ಅಜ್ಜಿ ಬರಿಗಾಲಲ್ಲಿ ಅಥವಾ ಜಾರದ ಚಪ್ಪಲಿಯಲ್ಲಿರಲಿ, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಲಿ. ಒಂದು ಸಲ ಸುಮ್ಮನೆ ಎದ್ದು ಕೂತು ತೋರಿಸಲಿ. ಅದು ಸುರಕ್ಷಿತವಾಗಿ ಆಯಿತೆಂದರೆ ಫೋನಿನ ಸ್ಟಾಪ್‌ವಾಚ್ ಒತ್ತಿ, ಐದು ಸಲ ಆದಷ್ಟು ಬೇಗ ಪೂರ್ತಿ ಎದ್ದು ನಿಂತು ಕೂರಲು ಹೇಳಿ. ಮಂಡಿ ನೆಟ್ಟಗಾಗದಿದ್ದರೆ ಆ ಸಲದ್ದು ಲೆಕ್ಕಕ್ಕಿಲ್ಲ. ಕೈ ಊರಿದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು, 'ಕೈಯಿಲ್ಲದೆ ಆಗಲಿಲ್ಲ' ಎಂದು ಬರೆದುಕೊಳ್ಳಿ. ಅದೂ ಒಂದು ಫಲಿತಾಂಶವೇ.

ಏಷ್ಯಾದ ತಜ್ಞರ ಗುಂಪು 2019ರಲ್ಲಿ ಕೊಟ್ಟ ಮಾನದಂಡದಂತೆ ಐದು ಸಲಕ್ಕೆ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಎಚ್ಚರ ವಹಿಸಬೇಕು. ಅದೇ ವರ್ಷದ ಯೂರೋಪಿನ ಪರಿಷ್ಕೃತ ಮಾನದಂಡದಲ್ಲಿ ಈ ಗೆರೆ 15 ಸೆಕೆಂಡಿನ ಮೇಲಿದೆ. ನಮ್ಮ ಅಜ್ಜಿಗೆ 17 ಸೆಕೆಂಡು ಹಿಡಿಯಿತು.

ಈ ಪರೀಕ್ಷೆಯಲ್ಲಿ ಮೋಸ ಹೋಗುವುದು ಹೆಚ್ಚಾಗಿ ಮಂಡಿಯಿಂದ. ಮಂಡಿ ಸವೆದವರು ನೋವಿಗೆ ಹೆದರಿ ನಿಧಾನ ಮಾಡುತ್ತಾರೆ, ತೊಡೆ ಗಟ್ಟಿಯಾಗಿಯೇ ಇರಬಹುದು. 'ನಿಧಾನ ಆಗಿದ್ದು ನೋವಿನಿಂದಲೋ, ಶಕ್ತಿ ಸಾಲದೆಯೋ' ಎಂದು ಕೇಳಿ, ಉತ್ತರವನ್ನು ಸಂಖ್ಯೆಯ ಪಕ್ಕದಲ್ಲೇ ಬರೆದಿಡಿ. ಇದನ್ನು ಪರಿಹರಿಸಲಿಕ್ಕೇ ಮುಷ್ಟಿ ಬಲದ ಪರೀಕ್ಷೆ ಬೇಕಾಗುವುದು, ಅಲ್ಲಿ ಮಂಡಿಗೆ ಕೆಲಸವಿಲ್ಲ.

ಮುಷ್ಟಿ, ನಡಿಗೆ, ಮೀನಖಂಡ

ಮುಷ್ಟಿಯ ಬಲ ಅಳೆಯುವ ಉಪಕರಣಕ್ಕೆ ಡೈನಮೋಮೀಟರ್ ಎನ್ನುತ್ತಾರೆ. ಫಿಸಿಯೋಥೆರಪಿ ಕೇಂದ್ರಗಳಲ್ಲಿ ಸಿಗುತ್ತದೆ. ಹೈಡ್ರಾಲಿಕ್ ಬಗೆಯದಾದರೆ ಕೂತು, ಮೊಣಕೈಯನ್ನು 90 ಡಿಗ್ರಿಗೆ ಮಡಿಸಿ ಹಿಂಡಬೇಕು. ಸ್ಪ್ರಿಂಗ್ ಬಗೆಯದಾದರೆ ನಿಂತು, ಕೈ ಚಾಚಿ ಹಿಂಡಬೇಕು. ಎರಡರ ಅಂಕಿಗಳೂ ಒಂದಕ್ಕೊಂದು ಸರಿಹೊಂದುವುದಿಲ್ಲ, ಆದ್ದರಿಂದ ಮೂರು ತಿಂಗಳ ನಂತರ ಮತ್ತೆ ಅಳೆಯುವಾಗ ಅದೇ ಉಪಕರಣ, ಅದೇ ಭಂಗಿ ಇರಲಿ. ಎರಡೂ ಕೈಯಲ್ಲಿ ಕನಿಷ್ಠ ಎರಡು ಸಲ ಹಿಂಡಿಸಿ, ಬಂದದ್ದರಲ್ಲಿ ದೊಡ್ಡ ಅಂಕಿಯನ್ನು ತೆಗೆದುಕೊಳ್ಳಿ. ಏಷ್ಯಾದ ಗೆರೆ ಗಂಡಸರಿಗೆ 28 ಕಿಲೋ, ಹೆಂಗಸರಿಗೆ 18 ಕಿಲೋ. ಅದಕ್ಕಿಂತ ಕಡಿಮೆ ಬಂದರೆ ಬಲ ಸಾಲದು ಎಂದು ಅರ್ಥ. ಯೂರೋಪಿನದು 27 ಮತ್ತು 16. ಅಜ್ಜಿಯ ಮುಷ್ಟಿ 15 ಕಿಲೋ. ಅಂದರೆ ಅವರ ನಿಧಾನಕ್ಕೆ ಮಂಡಿಯೊಂದೇ ಕಾರಣವಲ್ಲ.

ನಡಿಗೆ ಅಳೆಯಲು ಹತ್ತು ಮೀಟರ್ ನೇರ ಜಾಗ ಸಾಕು. ನಡುವಿನ ಆರು ಮೀಟರ್‌ಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಮೊದಲ ಎರಡು ಮೀಟರ್ ವೇಗ ಪಡೆಯಲು, ಕೊನೆಯ ಎರಡು ನಿಲ್ಲಲು. ಎಂದಿನ ನಡಿಗೆಯಲ್ಲೇ ನಡೆಯಲಿ, ಪಂದ್ಯದ ಓಟ ಬೇಡ. ಎರಡು ಸಲ ಅಳೆದು ಸರಾಸರಿ ತೆಗೆಯಿರಿ. ಸೆಕೆಂಡಿಗೆ ಒಂದು ಮೀಟರ್‌ಗಿಂತ ಕಡಿಮೆ, ಅಂದರೆ ಆರು ಮೀಟರ್‌ಗೆ ಆರು ಸೆಕೆಂಡಿಗಿಂತ ಹೆಚ್ಚಾದರೆ, ಏಷ್ಯಾದ ಮಾನದಂಡದಲ್ಲಿ ನಡಿಗೆ ಕುಂದಿದೆ ಎನ್ನುತ್ತಾರೆ. ಅಜ್ಜಿಗೆ 7 ಸೆಕೆಂಡು.

ಮೀನಖಂಡದ ಸುತ್ತಳತೆಗೆ ದರ್ಜಿಯ ಟೇಪು ಸಾಕು. ಅತಿ ದಪ್ಪವಿರುವ ಕಡೆ, ಚರ್ಮವನ್ನು ಬಿಗಿಯದೆ ಅಳೆಯಬೇಕು. ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ ಅನುಮಾನ. ಆದರೆ ಮೊದಲು ಹೆಬ್ಬೆರಳಿನಿಂದ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಕೆಲವು ಸೆಕೆಂಡು ಒತ್ತಿ ನೋಡಿ. ಗುಳಿ ಬಿದ್ದು ಹಾಗೇ ಉಳಿದರೆ ಕಾಲಲ್ಲಿ ನೀರು ತುಂಬಿದೆ, ಟೇಪಿನ ಅಂಕಿ ಸುಳ್ಳು. ಅಜ್ಜಿಯದು ಗುಳಿಯಿಲ್ಲದ 30 ಸೆಂಟಿಮೀಟರ್.

ಇಷ್ಟು ಮನೆಯಲ್ಲಿ, ಹೆಚ್ಚೆಂದರೆ ಫಿಸಿಯೋಥೆರಪಿ ಕೇಂದ್ರದಲ್ಲಿ ಮುಗಿಯುತ್ತದೆ. ಮುಷ್ಟಿ ಅಥವಾ ಕುರ್ಚಿ, ಎರಡರಲ್ಲಿ ಒಂದು ಗೆರೆ ದಾಟಿದರೂ ಏಷ್ಯಾದ ಗುಂಪು ಅದನ್ನು 'ಸಂಭವನೀಯ ಸಾರ್ಕೋಪೀನಿಯಾ' ಎಂದು ಕರೆದು, ಸ್ಕ್ಯಾನಿಗೆ ಕಾಯದೆ ವ್ಯಾಯಾಮ, ಊಟ ಶುರು ಮಾಡಿ ಎನ್ನುತ್ತದೆ. ಊರಿನಲ್ಲಿ ಸ್ಕ್ಯಾನ್ ಇಲ್ಲವೆಂದು ಕೈಕಟ್ಟಿ ಕೂರುವವರಿಗೆ ಇದು ಮುಖ್ಯವಾದ ಮಾತು.

ಸ್ಕ್ಯಾನ್ ಏನು ಹೇಳುತ್ತದೆ

ರೋಗವನ್ನು ಖಚಿತಪಡಿಸಲು ಕೈಕಾಲುಗಳಲ್ಲಿರುವ ಸ್ನಾಯುವನ್ನು ಅಳೆಯಬೇಕು. ಮೂಳೆ ಸವೆತಕ್ಕೆ ಬಳಸುವ ಡೆಕ್ಸಾ ಯಂತ್ರವೇ ಪೂರ್ತಿ ದೇಹದ ಸ್ಕ್ಯಾನ್ ಮಾಡಿ ಇದನ್ನು ಕೊಡುತ್ತದೆ. ಬರೀ ಸೊಂಟ, ಬೆನ್ನಿನ ಸ್ಕ್ಯಾನ್ ಮಾಡಿಸಿದರೆ ಈ ಅಂಕಿ ಬರುವುದಿಲ್ಲ, ಚೀಟಿಯಲ್ಲಿ ಪೂರ್ತಿ ದೇಹ ಎಂದೇ ಬರೆಸಿ. ನಾಲ್ಕು ಕೈಕಾಲುಗಳ ಸ್ನಾಯುವಿನ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸುತ್ತಾರೆ. ಅಜ್ಜಿಗೆ 11.5 ಕಿಲೋ ಬಂತು ಎನ್ನಿ. 1.5ರ ವರ್ಗ 2.25. ಭಾಗಿಸಿದರೆ 5.1. ಡೆಕ್ಸಾದಲ್ಲಿ ಏಷ್ಯಾದ ಗೆರೆ ಗಂಡಸರಿಗೆ 7.0, ಹೆಂಗಸರಿಗೆ 5.4. ಬಯೋಇಂಪೀಡೆನ್ಸ್ ತಕ್ಕಡಿಯಲ್ಲಿ ಅಳೆದರೆ ಹೆಂಗಸರಿಗೆ 5.7. ಆ ತಕ್ಕಡಿ ಮೈಯೊಳಗಿನ ನೀರನ್ನು ಆಧಾರ ಮಾಡಿಕೊಂಡು ಊಹಿಸುತ್ತದೆ, ಬಾಯಾರಿದಾಗ ಒಂದು, ಊತವಿದ್ದಾಗ ಇನ್ನೊಂದು ಹೇಳುತ್ತದೆ. ಪೇಸ್‌ಮೇಕರ್ ಇರುವವರು ಅದರ ಮೇಲೆ ನಿಲ್ಲಬಾರದು.

ಬಲ ಕಡಿಮೆ, ಸ್ನಾಯು ಕಡಿಮೆ: ರೋಗ ಖಚಿತ. ಜೊತೆಗೆ ನಡಿಗೆಯೂ ನಿಧಾನ: ಏಷ್ಯಾದ 2019ರ ಲೆಕ್ಕದಲ್ಲಿ ತೀವ್ರ. ಅದೇ ಅಜ್ಜಿ ಯೂರೋಪಿನ ಲೆಕ್ಕದಲ್ಲಿ 'ಖಚಿತ'ದಲ್ಲೇ ನಿಲ್ಲುತ್ತಾರೆ, ಅಲ್ಲಿ ನಡಿಗೆಯ ಗೆರೆ ಸೆಕೆಂಡಿಗೆ 0.8 ಮೀಟರ್, ಇವರದು 0.86. ಅಜ್ಜಿ ಅದೇ, ಕಾಲು ಅದೇ, ಹಣೆಪಟ್ಟಿ ಮಾತ್ರ ಬೇರೆ. ಆದ್ದರಿಂದ ವರದಿಯಲ್ಲಿ ಯಾವ ಮಾನದಂಡ ಬಳಸಿದ್ದಾರೆಂದು ನೋಡಿ. ಚಿಕಿತ್ಸೆಯೇನೂ ಬದಲಾಗುವುದಿಲ್ಲ.

ಒಂದು ಎಚ್ಚರಿಕೆ. ಸಾರ್ಕೋಪೀನಿಯಾ ನಿಧಾನವಾಗಿ, ವರ್ಷಗಳ ಮೇಲೆ ಬರುವಂಥದ್ದು. ಕೆಲವೇ ವಾರಗಳಲ್ಲಿ ತೋಳು ಎತ್ತಲಾಗದೆ, ಮೆಟ್ಟಿಲು ಹತ್ತಲಾಗದೆ ಹೋದರೆ, ಒಂದು ಕಾಲು ಮಾತ್ರ ಸೋತರೆ, ಪ್ರಯತ್ನವಿಲ್ಲದೆ ಆರು ತಿಂಗಳಲ್ಲಿ ತೂಕದ ಇಪ್ಪತ್ತನೇ ಒಂದು ಭಾಗ ಇಳಿದರೆ ಈ ಮಾರ್ಗದರ್ಶಿಯನ್ನು ಬದಿಗಿಟ್ಟು ವೈದ್ಯರಲ್ಲಿಗೆ ಹೋಗಿ. ಥೈರಾಯ್ಡ್, ಕ್ಷಯ, ಕ್ಯಾನ್ಸರ್, ಸ್ನಾಯುವಿನ ಉರಿಯೂತ, ಹತೋಟಿ ತಪ್ಪಿದ ಸಕ್ಕರೆ, ದೀರ್ಘಕಾಲದ ಸ್ಟೀರಾಯ್ಡ್, ಇವೆಲ್ಲ ಇದೇ ವೇಷದಲ್ಲಿ ಬರುತ್ತವೆ. ಸಸ್ಯಾಹಾರಿಗಳಲ್ಲಿ ಬಿ12 ಮತ್ತು ವಿಟಮಿನ್ ಡಿ ಕೊರತೆಯನ್ನೂ ನೋಡಿಸಿ. ಕೊರತೆಯಿದ್ದರೆ ತುಂಬಿಸಬೇಕು. ಇಲ್ಲದವರಿಗೆ ವಿಟಮಿನ್ ಡಿ ಕೊಟ್ಟರೆ ಬಲ ಬರುವುದಿಲ್ಲ.

ವ್ಯಾಯಾಮ: ಪರೀಕ್ಷೆ ಮಾಡಿದ ಕುರ್ಚಿಯಿಂದಲೇ

'ದಿನಾ ವಾಕಿಂಗ್ ಹೋಗ್ತಾರಲ್ಲ, ಸಾಲದೇ?' ಎಂಬ ಪ್ರಶ್ನೆ ಎಲ್ಲ ಮನೆಯಲ್ಲೂ ಬರುತ್ತದೆ. ಸಾಲದು. ವಾಕಿಂಗ್ ಹೃದಯಕ್ಕೆ, ಸಕ್ಕರೆಗೆ ಒಳ್ಳೆಯದು, ಬಿಡಿಸಬೇಡಿ. ಆದರೆ ಸಮತಟ್ಟಾದ ರಸ್ತೆಯಲ್ಲಿ ನಡೆಯುವಾಗ ತೊಡೆಗೆ ಬೀಳುವ ಭಾರ ಅದಕ್ಕೆ ಈಗಾಗಲೇ ರೂಢಿಯಾದದ್ದು. ರೂಢಿಗಿಂತ ಹೆಚ್ಚು ಭಾರ ಬಿದ್ದರೆ ಮಾತ್ರ ಸ್ನಾಯು ಬೆಳೆಯುತ್ತದೆ. ಬಾಸ್ಟನ್‌ನಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ತೊಂಬತ್ತು ವರ್ಷದ ಆಸುಪಾಸಿನ ಹತ್ತು ಜನ ನಿತ್ರಾಣ ವೃದ್ಧರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. 1990ರಲ್ಲಿ ಬಂದ ಆ ವರದಿಯ ಪ್ರಕಾರ ತೊಡೆಯ ಬಲ ಸರಾಸರಿ 174 ಪ್ರತಿಶತ ಹೆಚ್ಚಿತು. 1994ರಲ್ಲಿ ನೂರು ಜನರ ಮೇಲೆ ಅವರು ಮಾಡಿದ ಇನ್ನೊಂದು ಅಧ್ಯಯನ ನಮಗೆ ಇನ್ನೂ ಹತ್ತಿರದ್ದು: ವ್ಯಾಯಾಮ ಮಾಡಿದವರ ಬಲ ಹೆಚ್ಚಿತು, ವ್ಯಾಯಾಮವಿಲ್ಲದೆ ಪೌಷ್ಟಿಕ ಪೇಯ ಮಾತ್ರ ಕುಡಿದವರ ಬಲ ಹೆಚ್ಚಲಿಲ್ಲ. ಡಬ್ಬಿಯ ಪುಡಿ ತಂದುಕೊಟ್ಟು ಕರ್ತವ್ಯ ಮುಗಿಯಿತು ಎಂದುಕೊಳ್ಳುವ ಮಕ್ಕಳು ಇದನ್ನು ಎರಡು ಸಲ ಓದಬೇಕು.

ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ, ಶುಕ್ರವಾರ ಎನ್ನಿ. ನಡುವೆ ಒಂದು ದಿನ ಬಿಡುವು. ಮುಖ್ಯ ವ್ಯಾಯಾಮ ಕುರ್ಚಿಯಿಂದ ಏಳುವುದೇ.

ಅಜ್ಜಿ ಕೈಯಿಲ್ಲದೆ ಎಂಟು ಸಲ ಎದ್ದು ಕೂರಲಾರರು ಎಂದಾದರೆ ಕೂರುವ ಜಾಗವನ್ನು ಎತ್ತರಿಸಿ. ಜಮಖಾನವನ್ನು ಮಡಿಸಿ ಹಾಕಿ, ಜಾರದಂತೆ ಕುರ್ಚಿಗೆ ಕಟ್ಟಿ. ಎತ್ತರ ಹೆಚ್ಚಿದಷ್ಟೂ ಏಳುವುದು ಸುಲಭ. ಪಾದಗಳು ಮಂಡಿಗಿಂತ ತುಸು ಹಿಂದಿರಲಿ, ಎದೆ ಮುಂದೆ ಬಾಗಲಿ, ಉಸಿರು ಬಿಡುತ್ತಾ ಏಳಲಿ. ಕೂರುವಾಗ ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸುತ್ತಾ ಇಳಿಯಲಿ. ದೊಪ್ಪೆಂದು ಕೂತರೆ ವ್ಯಾಯಾಮದ ಅರ್ಧ ಫಲ ಅಲ್ಲೇ ಹೋಯಿತು, ಬೆನ್ನುಮೂಳೆಗೂ ಪೆಟ್ಟು. ಎಂಟು ಸಲಕ್ಕೆ ಒಂದು ಸೆಟ್, ರೂಢಿಯಾದಂತೆ ಹನ್ನೆರಡರವರೆಗೆ ಏರಿಸಿ. ಒಂದೆರಡು ನಿಮಿಷ ಕೂತು ಸುಧಾರಿಸಿಕೊಂಡು ಇನ್ನೊಂದು. ಮೊದಲ ಎರಡು ವಾರ ಎರಡು ಸೆಟ್, ಆಮೇಲೆ ಮೂರು.

ಭಾರ ಸರಿಯಿದೆಯೇ ಎಂದು ತಿಳಿಯುವ ಬಗೆ ಸರಳ. ಸೆಟ್ ಮುಗಿದ ತಕ್ಷಣ 'ಇನ್ನೆಷ್ಟು ಆಗ್ತಿತ್ತು?' ಎಂದು ಕೇಳಿ. ಶುರುವಿನಲ್ಲಿ 'ನಾಲ್ಕೈದು' ಎಂದರೆ ಸರಿ. ಒಂದು ತಿಂಗಳಾದ ಮೇಲೆ ಉತ್ತರ 'ಎರಡೋ ಮೂರೋ' ಎಂದಿರಬೇಕು. ಆಗಲೂ 'ಹತ್ತು ಮಾಡ್ತೀನಿ' ಎಂದರೆ ಅದು ಬರೀ ಅಂಗಸಾಧನೆ, ಭಾರ ಸಾಲದು. ಎರಡು ದಿನ ಸತತವಾಗಿ ಹನ್ನೆರಡರ ಸೆಟ್ ಆರಾಮವಾಗಿ ಮುಗಿಸಿದರೆ ಒಂದು ಮೆಟ್ಟಿಲು ಏರಿಸಿ: ಜಮಖಾನದ ಒಂದು ಮಡಿಕೆ ತೆಗೆಯಿರಿ, ಅದು ಮುಗಿದ ಮೇಲೆ ಒಂದು ಕಿಲೋ ಸಕ್ಕರೆ ಪೊಟ್ಟಣವನ್ನು ಎದೆಗೆ ಅವಚಿಕೊಂಡು, ಆಮೇಲೆ ಎರಡು ಕಿಲೋ, ಆಮೇಲೆ ಮೊಮ್ಮಗನ ಸ್ಕೂಲ್ ಬ್ಯಾಗಿನಲ್ಲಿ ರಾಗಿಹಿಟ್ಟು ತುಂಬಿ ಎದೆಯ ಕಡೆ ಹಾಕಿಕೊಂಡು. ಏರಿಸಿದ ದಿನ ಎಣಿಕೆ ಮತ್ತೆ ಎಂಟಕ್ಕೆ ಇಳಿಯುತ್ತದೆ, ಇಳಿಯಬೇಕು. ಇದೆಲ್ಲ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆದಿಡಿ: '2 ಕಿಲೋ, 10-9-8'. ಬರೆಯದ ಮನೆಗಳಲ್ಲಿ ಆರು ತಿಂಗಳಾದರೂ ಅದೇ ಭಾರ ನಡೆಯುತ್ತಿರುತ್ತದೆ.

ಇದರ ಜೊತೆ ಇನ್ನು ಮೂರು ಸಾಕು. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು ನಿಧಾನವಾಗಿ ಇಳಿಯುವುದು. ಗೋಡೆಗೆ, ಬಲ ಬಂದ ಮೇಲೆ ಕಟ್ಟೆಗೆ, ಕೈ ಊರಿ ಎದೆ ಹತ್ತಿರ ತಂದು ದೂಡುವುದು. ಕಿಟಕಿ ಸರಳಿಗೆ ಸುತ್ತಿದ ಎಲಾಸ್ಟಿಕ್ ಬ್ಯಾಂಡನ್ನು ಕೂತು ಹೊಟ್ಟೆಯ ಕಡೆ ಎಳೆಯುವುದು. ಇವಕ್ಕೂ ಎಂಟರಿಂದ ಹನ್ನೆರಡು, ಎರಡು ಮೂರು ಸೆಟ್, ಅದೇ ಪ್ರಶ್ನೆ.

ಮಂಡಿನೋವಿಗೆ ಒಂದು ಲೆಕ್ಕ ಇಟ್ಟುಕೊಳ್ಳಿ. ಹತ್ತರಲ್ಲಿ ಮೂರರಷ್ಟು ನೋವು, ಮರುದಿನ ಬೆಳಗ್ಗೆಗೆ ಎಂದಿನಂತಾದರೆ, ಮುಂದುವರಿಸಬಹುದು. ಅದಕ್ಕಿಂತ ಹೆಚ್ಚಾದರೆ ಅಥವಾ ಮಂಡಿ ಊದಿದರೆ ಕೂರುವ ಜಾಗ ಎತ್ತರಿಸಿ, ಪೂರ್ತಿ ನಿಲ್ಲಿಸಬೇಡಿ. ಶುರುವಿನಲ್ಲಿ ಒಂದೆರಡು ದಿನ ತೊಡೆ ಹಿಡಿದುಕೊಳ್ಳುವುದು ಸಹಜ. ಎದೆನೋವು, ತಲೆಸುತ್ತು, ಎಂದಿಲ್ಲದ ಉಬ್ಬಸ ಬಂದರೆ ಅಲ್ಲೇ ನಿಲ್ಲಿಸಿ. ರಕ್ತದೊತ್ತಡ ಹತೋಟಿಯಲ್ಲಿ ಇಲ್ಲದವರು, ಇತ್ತೀಚೆಗೆ ಹೃದಯಾಘಾತವಾದವರು, ಕಣ್ಣಿನ ಆಪರೇಷನ್ ಆದವರು, ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆಯಲ್ಲಿ ರಕ್ತಸ್ರಾವವಾದವರು ವೈದ್ಯರನ್ನು ಕೇಳದೆ ಶುರು ಮಾಡಬಾರದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಂತರ ಸಕ್ಕರೆ ಇಳಿಯಬಹುದು. ಖಾಲಿ ಹೊಟ್ಟೆಯಲ್ಲಿ ಬೇಡ.

ತಟ್ಟೆಯ ಲೆಕ್ಕ

ಆರೋಗ್ಯವಂತ ಹಿರಿಯರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ, ಕಾಯಿಲೆಯಿದ್ದವರಿಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂದು ಅಂತರರಾಷ್ಟ್ರೀಯ ತಜ್ಞರ ಗುಂಪು 2013ರಲ್ಲಿ ಹೇಳಿತು. 50 ಕಿಲೋದ ಅಜ್ಜಿಗೆ 60 ಗ್ರಾಂ ಎಂದಿಟ್ಟುಕೊಳ್ಳೋಣ. ವಯಸ್ಸಾದ ಸ್ನಾಯುವಿಗೆ ಕಿವಿ ಸ್ವಲ್ಪ ಮಂದ: ಒಂದು ಹೊತ್ತಿಗೆ ಐದಾರು ಗ್ರಾಂ ಬಂದರೆ ಅದಕ್ಕೆ ಕೇಳಿಸುವುದೇ ಇಲ್ಲ. ಹೊತ್ತಿಗೆ ಕಿಲೋಗೆ 0.4 ಗ್ರಾಂ, ಅಂದರೆ ಇವರಿಗೆ ಸುಮಾರು 20 ಗ್ರಾಂ ಬಂದರೆ ಚೆನ್ನಾಗಿ ಕೇಳಿಸುತ್ತದೆ.

ಈಗಿನ ಊಟ ನೋಡಿ. ಬೆಳಗ್ಗೆ ಮೂರು ಇಡ್ಲಿ, ಕಾಯಿಚಟ್ನಿ, ಸುಮಾರು 6 ಗ್ರಾಂ. ಮಧ್ಯಾಹ್ನ ಒಂದು ಮುದ್ದೆಗೆ 6, ಸಾರಿನಲ್ಲಿ ಅವರ ಪಾಲಿಗೆ ಬರುವ 15 ಗ್ರಾಂ ಬೇಳೆಯಿಂದ 3, ಒಂದು ಹಿಡಿ ಅನ್ನಕ್ಕೆ 4, ಮಜ್ಜಿಗೆಗೆ 2: ಒಟ್ಟು 15. ಎರಡು ಕಾಫಿಯ ಹಾಲಿನಿಂದ 3. ರಾತ್ರಿ ಅನ್ನ ಸಾರು 6. ದಿನಕ್ಕೆ ಕೂಡಿದರೆ 30. ಬೇಕಾದದ್ದರ ಅರ್ಧ, ಒಂದು ಹೊತ್ತಿಗೂ 20 ಮುಟ್ಟಲಿಲ್ಲ.

ನಮ್ಮ ಕಡೆ ಒಂದು ವಿಚಿತ್ರವಿದೆ. ಹುರುಳಿ ಕಟ್ಟಿನ ಸಾರು ಶಕ್ತಿ ಎನ್ನುತ್ತಾರೆ, ಬಸ್ಸಾರು ಪುಷ್ಟಿ ಎನ್ನುತ್ತಾರೆ. ಆದರೆ ಬಸಿದ ಕಟ್ಟಿಗಿಂತ ಉಳಿದ ಕಾಳಿನಲ್ಲೇ ಪ್ರೋಟೀನಿನ ಹೆಚ್ಚಿನ ಪಾಲು ಇರುವುದು. ಹಲ್ಲಿಲ್ಲದ ಅಜ್ಜಿ ಮುದ್ದೆಯನ್ನು ಸಾರಿಗೆ ಅದ್ದಿ ನುಂಗುತ್ತಾರೆ, ಪಲ್ಯದ ಕಾಳು ತಟ್ಟೆಯ ಅಂಚಿನಲ್ಲಿ ಉಳಿಯುತ್ತದೆ. ಪರಿಹಾರ ಸುಲಭ: ಒಂದು ಸೌಟು ಬೆಂದ ಕಾಳನ್ನು ರುಬ್ಬಿ ಸಾರಿಗೇ ಸೇರಿಸಿ. ಸಾರು ಗಟ್ಟಿಯಾಗುತ್ತದೆ, ರುಚಿ ಕೆಡುವುದಿಲ್ಲ.

ಬದಲಿಸಿದ ದಿನ ಹೀಗಿರಬಹುದು. ಬೆಳಗ್ಗೆ ಇಡ್ಲಿ ಬದಲು 40 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ (9), 15 ಗ್ರಾಂ ಕಡಲೆಬೀಜದ ಚಟ್ನಿ (3.5), 200 ಮಿಲಿ ಹಾಲಿಗೆ ಒಂದು ದೊಡ್ಡ ಚಮಚ ಕೆನೆ ತೆಗೆದ ಹಾಲಿನ ಪುಡಿ (ಸುಮಾರು 11): 23 ಗ್ರಾಂ. ಮಧ್ಯಾಹ್ನ ಮುದ್ದೆ (6), 40 ಗ್ರಾಂ ಹುರುಳಿ ಅಥವಾ ಅಲಸಂದೆ ಕಾಳಿನ ರುಬ್ಬಿದ ಸಾರು (9), ಮಜ್ಜಿಗೆ ಬದಲು ಒಂದು ಬಟ್ಟಲು ಗಟ್ಟಿ ಮೊಸರು (5): 20. ರಾತ್ರಿ ಎರಡು ಚಪಾತಿ (5), 25 ಗ್ರಾಂ ಸೋಯಾ ಚಂಕ್ಸ್ ಹಾಕಿದ ಸಾಗು (13): 18. ಒಟ್ಟು 61. ಸೋಯಾ ಒಗ್ಗದಿದ್ದರೆ 60 ಗ್ರಾಂ ಪನೀರ್. ಮೊಟ್ಟೆ ತಿನ್ನುವವರಿಗೆ ಎರಡು ಮೊಟ್ಟೆಯಿಂದ 12, ಮಾಂಸ ಮೀನು ತಿನ್ನುವವರಿಗೆ ನೂರು ಗ್ರಾಂ ಕೋಳಿ ಅಥವಾ ಮೀನಿನಿಂದ ಸುಮಾರು 20. ಕಾಳಿನ ತೂಕವೆಲ್ಲ ಬೇಯಿಸುವ ಮುಂಚಿನದು. ಬೆಂದ ಬೇಳೆಯನ್ನು ತೂಗಿ ಒಣ ಬೇಳೆಯ ಲೆಕ್ಕ ಹಾಕುವುದು ಎಲ್ಲರೂ ಮಾಡುವ ತಪ್ಪು.

ಒಂದೇ ದಿನ ಎಲ್ಲ ಬದಲಿಸಿದರೆ ಹೊಟ್ಟೆ ಉಬ್ಬರಿಸಿ ಅಜ್ಜಿ ಮುಷ್ಕರ ಹೂಡುತ್ತಾರೆ. ಮೊದಲ ವಾರ ಬೆಳಗಿನ ತಿಂಡಿ ಮಾತ್ರ ಬದಲಿಸಿ. ಕಾಳನ್ನು ರಾತ್ರಿಯಿಡೀ ನೆನೆಸಿ ನೀರು ಚೆಲ್ಲಿ, ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು. ಅನ್ನ ಕಡಿಮೆ ಮಾಡುವ ಭರದಲ್ಲಿ ಒಟ್ಟು ಊಟವೇ ಇಳಿಯಬಾರದು: ಹಸಿದ ದೇಹ ಪ್ರೋಟೀನನ್ನು ಸೌದೆಯಂತೆ ಉರಿಸುತ್ತದೆ. ತಿಂಗಳಿಗೊಮ್ಮೆ ತೂಕ ನೋಡಿ.

ಮೂತ್ರಪಿಂಡದ ಮಾತು ಬಿಡುವಂತಿಲ್ಲ, ಅಜ್ಜಿಗೆ ಸಕ್ಕರೆ ಕಾಯಿಲೆಯಿದೆ. ಮೂತ್ರಪಿಂಡದ ಸೋಸುವ ಪ್ರಮಾಣ, ಅಂದರೆ ಇಜಿಎಫ್ಆರ್, 30ಕ್ಕಿಂತ ಕೆಳಗಿದ್ದು ಡಯಾಲಿಸಿಸ್ ಇಲ್ಲದವರು ಪ್ರೋಟೀನ್ ಹೆಚ್ಚಿಸಬಾರದು. 30ರಿಂದ 60ರ ನಡುವೆ ಇದ್ದರೆ ಮೂತ್ರಪಿಂಡದ ವೈದ್ಯರೊಡನೆ ಕೂತು ನಿರ್ಧರಿಸಬೇಕು. ಇಲ್ಲೊಂದು ಬಲೆಯಿದೆ. ಈ ಅಂಕಿಯನ್ನು ಸಾಮಾನ್ಯವಾಗಿ ಕ್ರಿಯಾಟಿನಿನ್‌ನಿಂದ ಲೆಕ್ಕ ಹಾಕುತ್ತಾರೆ, ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಲ್ಲಿ. ಸ್ನಾಯು ಕರಗಿದವರಲ್ಲಿ ಅದು ಹುಟ್ಟುವುದೇ ಕಡಿಮೆ, ಹಾಗಾಗಿ ಮೂತ್ರಪಿಂಡ ಸೋತಿದ್ದರೂ ವರದಿ 'ನಾರ್ಮಲ್' ಎನ್ನಬಹುದು. ಅನುಮಾನವಿದ್ದರೆ ಸಿಸ್ಟಾಟಿನ್ ಸಿ ಪರೀಕ್ಷೆ ಮಾಡಿಸಬಹುದೇ ಎಂದು ವೈದ್ಯರನ್ನು ಕೇಳಿ, ಅದು ಸ್ನಾಯುವನ್ನು ಅಷ್ಟಾಗಿ ಅವಲಂಬಿಸಿಲ್ಲ. ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿದೆಯೇ ಎಂದೂ ನೋಡಿಸಿ.

ಹನ್ನೆರಡು ವಾರದ ಮೇಲೆ

ಅದೇ ಕುರ್ಚಿ, ಅದೇ ಹೊತ್ತು, ಅದೇ ಸ್ಟಾಪ್‌ವಾಚ್. ಮೊದಲ ಕೆಲವು ವಾರದಲ್ಲಿ ಬರುವ ಬಲ ಬಹುತೇಕ ನರಗಳು ಸ್ನಾಯುವನ್ನು ಚೆನ್ನಾಗಿ ಬಳಸಲು ಕಲಿತದ್ದರಿಂದ. ಸ್ನಾಯುವಿನ ಗಾತ್ರ ಆಮೇಲೆ, ಸ್ವಲ್ಪವೇ ಬದಲಾಗುತ್ತದೆ. ಹಾಗಾಗಿ ಮೂರು ತಿಂಗಳಿಗೇ ಡೆಕ್ಸಾ ಮತ್ತೆ ಮಾಡಿಸಿ ದುಡ್ಡು ಕಳೆಯಬೇಡಿ, ಸೆಕೆಂಡುಗಳನ್ನು ನೋಡಿ. ಹದಿನೇಳು ಕದಲದಿದ್ದರೆ ಮೊದಲು ಕ್ಯಾಲೆಂಡರ್ ತೆರೆಯಿರಿ: ಭಾರ ಏರಿದೆಯೇ? ಆಮೇಲೆ ಮೂರು ದಿನದ ಊಟ ಬರೆದು ಕೂಡಿಸಿ. ಎರಡೂ ಸರಿಯಿದ್ದು ಸೆಕೆಂಡು ಇಳಿಯದಿದ್ದರೆ ಒಳಗೆ ಬೇರೆ ಕಾಯಿಲೆಯಿದೆಯೇ ಎಂದು ಹುಡುಕಿಸಬೇಕು.

ಗಳಿಸಿದ್ದು ಕರಗುವುದು ಹೆಚ್ಚಾಗಿ ಹಾಸಿಗೆಯಲ್ಲಿ. 2007ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿದಾಗ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಕೊಬ್ಬಿಲ್ಲದ ಅಂಶ ಹೋಯಿತು. ಜ್ವರವೋ ಆಪರೇಷನ್ನೋ ಆದಾಗ 'ಮಲಗಿರಲಿ ಪಾಪ' ಎನ್ನುವ ಮುಂಚೆ, ಎದ್ದು ಕೂರಿಸಬಹುದೇ ಎಂದು ವೈದ್ಯರನ್ನು ಕೇಳಿ. ಆಗಬಹುದು ಎಂದರೆ ಹಾಸಿಗೆಯ ಅಂಚಿನಿಂದ ಹೊತ್ತಿಗೆ ಐದು ಸಲ, ದಿನಕ್ಕೆ ಮೂರು ಹೊತ್ತು ಎಬ್ಬಿಸಿ ಕೂರಿಸಿ. ಗಂಜಿಯ ಬದಲು ಹೆಸರುಬೇಳೆ ಕಿಚಡಿಗೆ ಮೊಸರು ಹಾಕಿ ಕೊಡಿ. ಮನೆಗೆ ಬಂದ ಮೇಲೆ ಜಮಖಾನವನ್ನು ಮತ್ತೆ ಕುರ್ಚಿಗೆ ಹಾಕಿ, ಹಿಂದೆ ಎತ್ತುತ್ತಿದ್ದ ಭಾರದ ಅರ್ಧದಿಂದ ಶುರು ಮಾಡಿ.